ವೆಬ್‌ಸೈಟ್ ಒಪ್ಪಿಸಿಕೊಳ್ಳುವಾಗ ಬರೆಸಿಕೊಳ್ಳಬೇಕಾದ ಚೀಟಿ

ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಡೆವಲಪರ್ ಕೆಲಸ ಮುಗಿದ ದಿನ ಯಜಮಾನರಿಗೆ ಕಳಿಸುವುದು ಬಹುಪಾಲು ಒಂದು ವಾಟ್ಸಾಪ್ ಸಂದೇಶ. ಸೈಟಿನ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್, ಕೊನೆಗೆ ಕೈಮುಗಿದ ಚಿತ್ರ. ಯಜಮಾನರು ಬಾಕಿ ಹಣ ಹಾಕುತ್ತಾರೆ. ಸಂದೇಶ ದಿನ ಕಳೆದಂತೆ ಗುಡ್ ಮಾರ್ನಿಂಗ್ ಹೂವುಗಳ ರಾಶಿಯಲ್ಲಿ ಹೂತುಹೋಗುತ್ತದೆ. ಅದರಲ್ಲಿರುವ ಪಾಸ್‌ವರ್ಡ್ ಸೈಟಿನ ಒಳಗೆ ಸಾಮಾನು, ಬೆಲೆ ಬದಲಿಸುವುದಕ್ಕಷ್ಟೇ ಸಾಕು. ಸೈಟು ನಿಂತಿರುವ ನೆಲ, ಅದರ ಹೆಸರು, ಹಣ ಬರುವ ದಾರಿ ಇವ್ಯಾವುದಕ್ಕೂ ಆ ಪಾಸ್‌ವರ್ಡ್ ಸಂಬಂಧಿಸಿದ್ದಲ್ಲ.

ಶಿರಸಿಯ ಕಡೆಯ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ಬೆಂಗಳೂರು, ಪುಣೆಯಲ್ಲಿರುವ ಊರಿನವರು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾರೆ. ಸೈಟು ಮಾಡಿಕೊಟ್ಟದ್ದು ಊರಿನದೇ ಹುಡುಗ. ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶ, ಅದರ ಮೇಲೆ ಅಂಗಡಿ ನಡೆಸಲು ವೂಕಾಮರ್ಸ್ ಎಂಬ ಪ್ಲಗಿನ್. ಸಣ್ಣ ಅಂಗಡಿಗಳಲ್ಲಿ ತೀರ ಸಾಮಾನ್ಯವಾದ ಜೋಡಿ ಇದು. ಈಗ ಆ ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿದೆ. ಮೋಸವಿಲ್ಲ, ಜಗಳವಿಲ್ಲ. ಹೋಗುವ ಮೊದಲು ಅವನು ಏನು ಬರೆದು ಕೊಡಬೇಕು?

ಮೊದಲು ಯಾವುದರ ಕೆಲಸ ಏನೆಂದು ಬಿಡಿಸಿಕೊಳ್ಳಬೇಕು. ಡೊಮೇನ್ ಎಂದರೆ ಸೈಟಿನ ಹೆಸರು. ಇದನ್ನು ರಿಜಿಸ್ಟ್ರಾರ್ ಎಂಬ ಕಂಪನಿಯಿಂದ ವರ್ಷದ ಲೆಕ್ಕದಲ್ಲಿ ಪಡೆದಿರುತ್ತೇವೆ. ಶಾಶ್ವತವಾಗಿ ಕೊಂಡುಕೊಳ್ಳುವ ಪದ್ಧತಿ ಇಲ್ಲ. ಹೋಸ್ಟಿಂಗ್ ಎಂದರೆ ಸೈಟಿನ ಫೋಟೊ, ಪುಟ, ಆರ್ಡರ್‌ಗಳೆಲ್ಲ ಇರುವ ಬಾಡಿಗೆ ಕಂಪ್ಯೂಟರ್. ವರ್ಡ್‌ಪ್ರೆಸ್ ಲಾಗಿನ್ ಸೈಟಿನ ಒಳಗಿನದು. ಪೇಮೆಂಟ್ ಗೇಟ್‌ವೇ ಗ್ರಾಹಕರ ಯುಪಿಐ, ಕಾರ್ಡಿನ ಹಣ ಹಿಡಿದು ಅಂಗಡಿಯ ಬ್ಯಾಂಕ್ ಖಾತೆಗೆ ಹಾಕುವ ಕಂಪನಿ. ಇವೆಲ್ಲದರ ಮೇಲೆ ಇನ್ನೊಂದಿದೆ: ಈ ನಾಲ್ಕೂ ಖಾತೆ ತೆರೆಯುವಾಗ ಕೊಟ್ಟ ಇಮೇಲ್. ಎಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೂ ಹೊಸದನ್ನು ಮಾಡಿಕೊಳ್ಳುವ ಕೊಂಡಿ ಬಂದು ಬೀಳುವುದು ಆ ಇಮೇಲಿಗೆ. ಅದು ಯಾರ ಕೈಯಲ್ಲಿದೆಯೋ ಅಂಗಡಿ ಅವರ ಕೈಯಲ್ಲಿದೆ.

ಒಳ್ಳೆಯ ಚೀಟಿಯಲ್ಲಿ ಪಾಸ್‌ವರ್ಡ್ ಇರುವುದೇ ಇಲ್ಲ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಚೀಟಿ ಜೆರಾಕ್ಸ್ ಆಗುತ್ತದೆ, ಮೊಬೈಲಿನಲ್ಲಿ ಫೋಟೊ ಆಗುತ್ತದೆ, ಲೆಕ್ಕ ಬರೆಯುವ ಹುಡುಗನ ಡ್ರಾಯರಿಗೂ ಹೋಗುತ್ತದೆ. ಪಾಸ್‌ವರ್ಡ್ ಬದಲಾದ ದಿನವೇ ಚೀಟಿ ಹಳತಾಗುತ್ತದೆ. ಪಾಸ್‌ವರ್ಡ್‌ಗಳಿಗೆ ಬೇರೆ ಜಾಗವಿರಲಿ: ಪಾಸ್‌ವರ್ಡ್ ಮ್ಯಾನೇಜರ್ ಆಪ್ ಆಗಬಹುದು, ಅದು ಬೇಡವೆಂದರೆ ತಿಜೋರಿಯಲ್ಲಿಟ್ಟ ಮುಚ್ಚಿದ ಲಕೋಟೆಯೂ ಆದೀತು. ಚೀಟಿ ಹೇಳಬೇಕಾದದ್ದು ಬೇರೆ ಸಂಗತಿ. ಖಾತೆ ಯಾರ ಹೆಸರಲ್ಲಿದೆ, ಯಾವ ಇಮೇಲಿಗೆ ಕಟ್ಟಿದೆ, ಒಟಿಪಿ ಯಾವ ಮೊಬೈಲಿಗೆ ಬರುತ್ತದೆ, ಅವಧಿ ಯಾವಾಗ ಮುಗಿಯುತ್ತದೆ, ಯಾವ ಕಾರ್ಡಿನಿಂದ ಹಣ ಹೋಗುತ್ತದೆ. ನಮ್ಮ ಶಿರಸಿಯ ಅಂಗಡಿಯ ಚೀಟಿಯಲ್ಲಿ ಡೊಮೇನ್ ಬಗ್ಗೆ ಹೀಗಿರಬಹುದು:

‘ಡೊಮೇನ್ ಈಗ ನನ್ನ ಖಾತೆಯಲ್ಲಿದೆ, ಯಾಕೆಂದರೆ ಆವತ್ತು ನಾನೇ ತೆಗೆದುಕೊಂಡಿದ್ದೆ. ಈ ಶುಕ್ರವಾರ ನಾವಿಬ್ಬರೂ ಕೂತು ಅದನ್ನು ಅಂಗಡಿಯ ಹೆಸರಿನಲ್ಲಿ ತೆರೆದ ಖಾತೆಗೆ ವರ್ಗಾಯಿಸೋಣ. ಖಾತೆಯ ಇಮೇಲ್ ಅಂಗಡಿಯ ಜಿಮೇಲ್. ಒಟಿಪಿ ನಿಮ್ಮ ನಂಬರಿಗೆ. ಅವಧಿ ಜೂನ್ 3ಕ್ಕೆ ಮುಗಿಯುತ್ತದೆ. ಮೇ ಮೊದಲ ವಾರವೇ ಕೈಯಾರೆ ಹಣ ಕಟ್ಟಿಬಿಡಿ, ತಾನಾಗಿ ಹೋಗುತ್ತದೆ ಎಂದು ನಂಬಿ ಕೂರಬೇಡಿ.’

ಈ ಕೊನೆಯ ಮಾತಿಗೆ ಕಾರಣವಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದದ್ದು 2021ರ ಅಕ್ಟೋಬರ್‌ನಿಂದ. ಅದರ ಪ್ರಕಾರ ಗ್ರಾಹಕ ಮೊದಲೇ ಇ-ಮ್ಯಾಂಡೇಟ್ ಕೊಟ್ಟಿರಬೇಕು, ಪ್ರತಿ ಕಡಿತಕ್ಕೆ 24 ಗಂಟೆ ಮುಂಚೆ ತಿಳಿವಳಿಕೆ ಹೋಗಬೇಕು, ಮಿತಿ ದಾಟಿದ ಮೊತ್ತಕ್ಕೆ ಒಟಿಪಿ ಬೇಕು. ಆ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರಲ್ಲಿ 15,000 ಆಯಿತು. ಗ್ರಾಹಕರ ರಕ್ಷಣೆಗೆ ಒಳ್ಳೆಯ ನಿಯಮ. ಆದರೆ ಇದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ಕಡಿತಗಳು ಭಾರತದ ಕಾರ್ಡುಗಳಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಪರದೆಯ ಮೇಲೆ ‘ಆಟೋ ರಿನ್ಯೂ’ ಹಸಿರಾಗಿಯೇ ಇರುತ್ತದೆ. ಕಾರ್ಡ್ ಅವಧಿ ಮುಗಿದು ಹೊಸದು ಬಂದಿದ್ದರೂ ಕತೆ ಅದೇ.

ಡೊಮೇನ್ ಅವಧಿ ಮುಗಿದರೆ ಏನಾಗುತ್ತದೆ? ‘ಡಾಟ್ ಕಾಮ್’ ಹೆಸರುಗಳಿಗೆ ಒಂದು ಕ್ರಮವಿದೆ. ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ರಿಜಿಸ್ಟ್ರಾರ್ ನೆನಪಿನ ಮೇಲ್ ಕಳಿಸಲೇಬೇಕು. ಅದು ಹೋಗುವುದು ಖಾತೆಯಲ್ಲಿರುವ ಇಮೇಲಿಗೆ. ಹುಡುಗ ಹಳೆಯ ಕಾಲೇಜು ಇಮೇಲ್ ಕೊಟ್ಟಿದ್ದರೆ ಅದನ್ನು ಓದುವವರೇ ಇಲ್ಲ. ದಿನ ಕಳೆದ ಮೇಲೆ ಸೈಟು ತೆರೆದರೆ ಉಪ್ಪಿನಕಾಯಿಯ ಬದಲು ರಿಜಿಸ್ಟ್ರಾರ್‌ನ ಜಾಹೀರಾತು ಪುಟ ಬರುತ್ತದೆ. ಇದಾದ ಮೇಲೂ ಕೆಲವು ದಿನ ಮಾಮೂಲಿ ಶುಲ್ಕಕ್ಕೇ ಉಳಿಸಿಕೊಳ್ಳಬಹುದು. ಎಷ್ಟು ದಿನ ಎಂಬುದು ರಿಜಿಸ್ಟ್ರಾರ್‌ನ ಮರ್ಜಿ, ಹೆಚ್ಚೆಂದರೆ 45. ಆಮೇಲೆ 30 ದಿನದ ಬಿಡುಗಡೆ ಅವಧಿ. ಆಗ ಹೆಸರು ಸಿಗುತ್ತದೆ, ಆದರೆ ಮಾಮೂಲಿ ಶುಲ್ಕದ ಹಲವು ಪಟ್ಟು ದಂಡ ತೆರಬೇಕು. ಅದೂ ಮುಗಿದರೆ 5 ದಿನ ಯಾರೂ ಏನೂ ಮಾಡಲಾಗದ ಸ್ಥಿತಿ, ಆಮೇಲೆ ಹೆಸರು ಪೇಟೆಗೆ ಬಿದ್ದಂತೆ. ಯಾರು ಮೊದಲು ಕೊಂಡರೆ ಅವರದು. ಹಾಗೆ ಬಿದ್ದ ಹೆಸರುಗಳನ್ನೇ ಕಾದು ಹಿಡಿಯುವವರು ಇದ್ದಾರೆ.

ಇಲ್ಲೊಂದು ಸಿಕ್ಕು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಅಂಗಡಿಯ ಡೊಮೇನಿನ ಹೆಸರಲ್ಲೇ ಇಮೇಲ್ ಮಾಡಿಸಿಕೊಂಡಿರುತ್ತಾರೆ, ನೋಡಲು ಘನವಾಗಿರುತ್ತದೆ. ರಿಜಿಸ್ಟ್ರಾರ್ ಖಾತೆಗೂ ಅದೇ ಇಮೇಲ್ ಕೊಟ್ಟರೆ, ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುವ ಕೊಂಡಿ ಬರಬೇಕಾದದ್ದು ಅಲ್ಲಿಗೇ. ಆದ್ದರಿಂದ ರಿಜಿಸ್ಟ್ರಾರ್ ಖಾತೆ ಬೇರೆ ಇಮೇಲಿಗೆ, ಅಂದರೆ ಜಿಮೇಲಿನಂಥದ್ದಕ್ಕೆ ಕಟ್ಟಿರಬೇಕು. ಆ ಜಿಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದಾಗ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದು, ಒಂದು ಕೋಡ್ ಒಮ್ಮೆ ಮಾತ್ರ ನಡೆಯುತ್ತದೆ. ಅದನ್ನು ಕಾಗದದಲ್ಲಿ ಅಚ್ಚು ಹಾಕಿ ಲಕೋಟೆಗೆ ಸೇರಿಸಬೇಕು. ಫೋನ್ ಕಳೆದ ದಿನ ಅದೇ ಗತಿ. ಒಟಿಪಿ ಬರುವ ನಂಬರ್ ಕೆಲಸ ಬಿಟ್ಟುಹೋದ ಹುಡುಗನದೋ ರೀಚಾರ್ಜ್ ಮಾಡದೆ ಬಿಟ್ಟ ಎರಡನೇ ಸಿಮ್ಮೋ ಆಗಿರಬಾರದು. ಬಳಸದ ನಂಬರನ್ನು ಕಂಪನಿ ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತದೆ, ನಿಮ್ಮ ಒಟಿಪಿಯೂ ಅವರ ಜೊತೆಗೇ ಹೋಗುತ್ತದೆ.

ವರ್ಡ್‌ಪ್ರೆಸ್ ಒಳಗಿನ ಲಾಗಿನ್‌ಗಳಲ್ಲಿ ಒಂದೇ ಪಾಸ್‌ವರ್ಡನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವ ರೂಢಿ ಬೇಡ. ಪಾರ್ಸೆಲ್ ಕಟ್ಟುವವರಿಗೆ, ಆರ್ಡರ್ ನೋಡುವವರಿಗೆ ‘ಶಾಪ್ ಮ್ಯಾನೇಜರ್’ ದರ್ಜೆ ಸಾಕು. ಅವರು ಬೆಲೆ ಬದಲಿಸಬಹುದು, ಆರ್ಡರ್ ನೋಡಬಹುದು, ಪ್ಲಗಿನ್ ಮುಟ್ಟಲಾಗದು. ‘ಅಡ್ಮಿನಿಸ್ಟ್ರೇಟರ್’ ಯಜಮಾನರದು ಒಂದು, ಬೇಕಾದರೆ ಡೆವಲಪರ್‌ನದು ಇನ್ನೊಂದು. ಡೆವಲಪರ್ ಪೂರ್ತಿ ಬಿಡುವುದಾದರೆ ಅವನ ಖಾತೆಯನ್ನು ಅಳಿಸುವಾಗ ಎಚ್ಚರ. ವರ್ಡ್‌ಪ್ರೆಸ್ ಆಗ ಒಂದು ಪ್ರಶ್ನೆ ಕೇಳುತ್ತದೆ: ಇವನು ಬರೆದದ್ದನ್ನೆಲ್ಲ ಅಳಿಸಬೇಕೆ (`Delete all content`), ಬೇರೆಯವರ ಹೆಸರಿಗೆ ಮಾಡಬೇಕೆ (`Attribute all content to`)? ಗಡಿಬಿಡಿಯಲ್ಲಿ ಮೊದಲನೆಯದನ್ನು ಒತ್ತಿದರೆ ಅವನು ತಯಾರಿಸಿದ ಪುಟಗಳು, ಅಂದರೆ ನಮ್ಮ ಬಗ್ಗೆ, ಸಾಗಣೆ ನಿಯಮ, ಹಣ ವಾಪಸಿನ ನಿಯಮ, ಎಲ್ಲ ಅವನ ಜೊತೆಗೇ ಹೋಗುತ್ತವೆ. ಎರಡನೆಯದನ್ನೇ ಆರಿಸಿ ಯಜಮಾನರ ಹೆಸರು ಹಾಕಬೇಕು. ಈ ಒಂದು ಸಾಲು ಚೀಟಿಯಲ್ಲಿ ಇರಲೇಬೇಕು.

ಇನ್ನು ಅಪ್‌ಡೇಟ್. ಯಜಮಾನರಲ್ಲಿ ಎರಡು ಪಂಗಡ. ಕೆಂಪು ಸಂಖ್ಯೆ ಕಂಡ ಕೂಡಲೇ ‘ಅಪ್‌ಡೇಟ್ ಆಲ್’ ಒತ್ತುವವರು ಒಂದು. ನಡೆಯುತ್ತಿರುವುದನ್ನು ಕೆಣಕುವುದೇಕೆ ಎಂದು ಎರಡು ವರ್ಷ ಮುಟ್ಟದವರು ಇನ್ನೊಂದು. ಎರಡೂ ಅಪಾಯ, ಎರಡನೆಯದು ಹೆಚ್ಚು. ಪ್ಲಗಿನ್‌ನಲ್ಲಿ ತೂತು ಕಂಡು ಅದನ್ನು ಮುಚ್ಚಿದ ಹೊಸ ಆವೃತ್ತಿ ಬಂತೆಂದರೆ, ತೂತು ಎಲ್ಲಿತ್ತು ಎಂಬುದು ಊರಿಗೆಲ್ಲ ಗೊತ್ತಾಯಿತು ಎಂದೇ ಅರ್ಥ. ಆಮೇಲೆ ಹಳೆಯ ಆವೃತ್ತಿಯ ಸೈಟುಗಳನ್ನು ಹುಡುಕಿ ನುಗ್ಗುವುದು ಯಂತ್ರಗಳ ಕೆಲಸ. ಶಿರಸಿಯ ಅಂಗಡಿ ಸಣ್ಣದೆಂದು ಅವು ಬಿಡುವುದಿಲ್ಲ.

ವರ್ಡ್‌ಪ್ರೆಸ್‌ನ ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರಿಂದ ತಾವಾಗಿಯೇ ನಡೆಯುತ್ತವೆ. ಪ್ಲಗಿನ್‌ಗಳದ್ದು ಹಾಗಲ್ಲ. ಸಣ್ಣ ಪುಟ್ಟ ಪ್ಲಗಿನ್‌ಗಳಿಗೆ ತಾನಾಗಿ ಆಗುವಂತೆ ಬಿಡಬಹುದು. ವೂಕಾಮರ್ಸ್ ಮತ್ತು ಗೇಟ್‌ವೇ ಪ್ಲಗಿನ್ ಇವೆರಡನ್ನು ಮಾತ್ರ ಕೈಯಾರೆ ಮಾಡುವುದು ಲೇಸು, ಯಾಕೆಂದರೆ ಇವು ಕೆಟ್ಟರೆ ನಿಲ್ಲುವುದು ಹಣ. ವಾರಕ್ಕೊಂದು ದಿನ, ಆರ್ಡರ್ ಕಡಿಮೆ ಇರುವ ಹೊತ್ತು. ಮಿಡಿ ಉಪ್ಪಿನಕಾಯಿ ಹೊಸದು ಬಂದು ಆರ್ಡರ್ ಸುರಿಯುವ ವಾರದಲ್ಲಿ, ದೀಪಾವಳಿಯ ಮುನ್ನಾದಿನ ದೊಡ್ಡ ಅಪ್‌ಡೇಟ್ ಬೇಡ. ಮೊದಲು ಬ್ಯಾಕಪ್. ಅದರ ಪ್ರತಿ ಹೋಸ್ಟಿಂಗ್‌ನಲ್ಲೇ ಕೂತಿದ್ದರೆ ಪ್ರಯೋಜನ ಕಡಿಮೆ, ಹೋಸ್ಟಿಂಗ್ ಹೋದರೆ ಅದೂ ಹೋಗುತ್ತದೆ. ಗೂಗಲ್ ಡ್ರೈವ್‌ನಂಥ ಕಡೆ ಇನ್ನೊಂದು ಪ್ರತಿ ಇರಬೇಕು. ಆಮೇಲೆ ಒಂದೊಂದೇ ಪ್ಲಗಿನ್ ಅಪ್‌ಡೇಟ್, ಎಲ್ಲ ಒಟ್ಟಿಗೆ ಮಾಡಿದರೆ ಕೆಡಿಸಿದ್ದು ಯಾವುದೆಂದು ತಿಳಿಯುವುದಿಲ್ಲ.

ಮುಗಿದ ಮೇಲೆ ಸೈಟು ತೆರೆದು ಚೆನ್ನಾಗಿ ಕಾಣುತ್ತಿದೆ ಎಂದು ಸುಮ್ಮನಾಗುವವರೇ ಹೆಚ್ಚು. ಪರೀಕ್ಷೆ ಅದಲ್ಲ. ತೀರ ಅಗ್ಗದ ಒಂದು ಹಪ್ಪಳದ ಕಟ್ಟನ್ನು ಯಜಮಾನರೇ ತಮ್ಮ ಫೋನಿನಿಂದ ಆರ್ಡರ್ ಮಾಡಿ ಯುಪಿಐ ಹಣ ಕಟ್ಟಬೇಕು. ಮೂರು ಕಡೆ ನೋಡಬೇಕು: ಗೇಟ್‌ವೇ ಖಾತೆಯಲ್ಲಿ ಹಣ ಬಂದಿದೆಯೇ, ವೂಕಾಮರ್ಸ್‌ನಲ್ಲಿ ಆ ಆರ್ಡರ್ `Processing` ಎಂದು ತೋರಿಸುತ್ತಿದೆಯೇ, ಅಂಗಡಿಗೆ ಮೇಲ್ ಬಂತೇ. ಹಣ ಬಂದಿದೆ, ಆರ್ಡರ್ ಮಾತ್ರ `Pending payment` ಎಂದೇ ಕೂತಿದೆ ಎಂದಾದರೆ ಗೇಟ್‌ವೇ ಸೈಟಿಗೆ ‘ಹಣ ಬಂತು’ ಎಂದು ಹೇಳುವ ದಾರಿ, ವೆಬ್‌ಹುಕ್ ಎನ್ನುತ್ತಾರೆ, ಅದು ಕಡಿದಿದೆ. ಇದನ್ನು ಹಾಗೇ ಬಿಟ್ಟರೆ ಇನ್ನೊಂದು ಅವಾಂತರ: ದಾಸ್ತಾನು ಲೆಕ್ಕ ಇಟ್ಟಿರುವ ಅಂಗಡಿಯಲ್ಲಿ ಹಣ ಬಾರದ ಆರ್ಡರನ್ನು ವೂಕಾಮರ್ಸ್ 60 ನಿಮಿಷದ ನಂತರ ತಾನೇ ರದ್ದು ಮಾಡುತ್ತದೆ, ಬದಲಿಸದಿದ್ದರೆ ಅದರ ಮೂಲ ಸೆಟ್ಟಿಂಗ್ ಅಷ್ಟು. ಗ್ರಾಹಕರ ಖಾತೆಯಿಂದ ಹಣ ಹೋಗಿದೆ, ಅಂಗಡಿಯಲ್ಲಿ ಆರ್ಡರ್ ರದ್ದು. ಬೈಗುಳ ಬರುವುದು ಮಾತ್ರ ಅಂಗಡಿಯ ಫೋನಿಗೆ.

ಅಪ್‌ಡೇಟ್ ನಂತರ ಸೈಟೇ ಬಿದ್ದರೆ ಪರದೆಯಲ್ಲಿ ಈ ಸಾಲು ಕಾಣುತ್ತದೆ:

```
There has been a critical error on this website.
```

ಹೆದರಬೇಕಿಲ್ಲ. ವರ್ಡ್‌ಪ್ರೆಸ್ 2019ರಿಂದ ಇಂಥ ಹೊತ್ತಿನಲ್ಲಿ ಸೈಟಿನ ಅಡ್ಮಿನ್ ಇಮೇಲಿಗೆ ಒಂದು ಪತ್ರ ಕಳಿಸುತ್ತದೆ. ಯಾವ ಪ್ಲಗಿನ್ ಕೆಟ್ಟಿತೆಂದು ಅದರಲ್ಲಿ ಇರುತ್ತದೆ, ಒಳಗೆ ಬಂದು ಅದನ್ನು ನಿಲ್ಲಿಸಲು ಒಂದು ವಿಶೇಷ ಕೊಂಡಿಯೂ ಇರುತ್ತದೆ. ಕೊಂಡಿಯ ಆಯುಸ್ಸು ಒಂದು ದಿನ. ಆದರೆ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಇಮೇಲ್ ಎಂದು ಡೆವಲಪರ್‌ನದೇ ಇದ್ದರೆ? ಪತ್ರ ಬೆಂಗಳೂರಿಗೆ ಹೋಗುತ್ತದೆ, ಶಿರಸಿಯಲ್ಲಿ ಸೈಟು ಮಲಗಿರುತ್ತದೆ. ಒಪ್ಪಿಸುವ ದಿನ ಈ ಇಮೇಲ್ ಬದಲಿಸಿದೆಯೇ ಎಂದು ಕೇಳುವ ಯಜಮಾನರು ಅಪರೂಪ. ಪತ್ರ ಸಿಗದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲಿ `wp-content/plugins` ಒಳಗೆ ಆ ಪ್ಲಗಿನ್‌ನ ಫೋಲ್ಡರಿನ ಹೆಸರಿಗೆ ಒಂದು ಅಕ್ಷರ ಸೇರಿಸಿದರೂ ಆಯಿತು, ವರ್ಡ್‌ಪ್ರೆಸ್ ಅದನ್ನು ಬಿಟ್ಟು ಎದ್ದು ನಿಲ್ಲುತ್ತದೆ.

ಇಂಥ ಹೊತ್ತಲ್ಲಿ ಯಾರಾದರೂ ‘ನಿನ್ನೆಯ ಬ್ಯಾಕಪ್ ಹಾಕಿಬಿಡಿ’ ಎನ್ನುತ್ತಾರೆ. ಬ್ಲಾಗು, ಶಾಲೆಯ ಸೈಟು ಆಗಿದ್ದರೆ ಸರಿ. ಅಂಗಡಿಗೆ ಅದು ತಿರುಗುಬಾಣ. ಬ್ಯಾಕಪ್ ಆದದ್ದು ರಾತ್ರಿ 2ಕ್ಕೆ, ಸೈಟು ಬಿದ್ದದ್ದು ಮಧ್ಯಾಹ್ನ 12ಕ್ಕೆ ಎಂದಿಟ್ಟುಕೊಳ್ಳಿ. ನಡುವೆ ಬಂದ ಆರ್ಡರ್‌ಗಳು ಡೇಟಾಬೇಸಿನಲ್ಲಿವೆ. ಅದನ್ನು ರಾತ್ರಿಯದಕ್ಕೆ ತಿರುಗಿಸಿದರೆ ಆ ಆರ್ಡರ್‌ಗಳೂ ವಿಳಾಸಗಳೂ ಮಾಯ, ಹಣ ಮಾತ್ರ ಬಂದಿದೆ. ಆದ್ದರಿಂದ ಮೊದಲು ಪ್ಲಗಿನ್ ಫೈಲುಗಳನ್ನಷ್ಟೇ ಹಳೆಯದಕ್ಕೆ ತಿರುಗಿಸಿ ನೋಡಬೇಕು. ಡೇಟಾಬೇಸ್ ತಿರುಗಿಸಲೇಬೇಕಾದರೆ, ಗೇಟ್‌ವೇಯಿಂದ ಆ ದಿನದ ಪಾವತಿಗಳ ಪಟ್ಟಿ ಇಳಿಸಿಕೊಂಡು, ಅಂಗಡಿಗೆ ಬಂದ ಆರ್ಡರ್ ಮೇಲ್‌ಗಳನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಮತ್ತೆ ಬರೆಯಬೇಕು.

ತುರ್ತು ನಂಬರುಗಳ ಪಟ್ಟಿಯನ್ನು ಬಹಳಷ್ಟು ಜನ ಕಂಪನಿಗಳ ಹೆಸರಿನ ಕ್ರಮದಲ್ಲಿ ಕೊಡುತ್ತಾರೆ. ಸೈಟು ಬಿದ್ದ ಹೊತ್ತಿನಲ್ಲಿ ಯಜಮಾನರಿಗೆ ಯಾವ ಕಂಪನಿ ಎಂದು ಗೊತ್ತಾಗುವುದು ಹೇಗೆ? ಪಟ್ಟಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರುವಾಗಬೇಕು. ನಮ್ಮ ಹುಡುಗನ ಚೀಟಿಯ ಕೊನೆಯ ಪುಟ ಹೀಗಿದ್ದರೆ ನನಗೆ ಸಮಾಧಾನ:

‘ಸೈಟಿನ ಜಾಗದಲ್ಲಿ ಜಾಹೀರಾತು ಪುಟ ಬಂದು ಅಂಗಡಿಯ ಮೇಲೂ ನಿಂತಿದ್ದರೆ ಡೊಮೇನ್ ಮುಗಿದಿದೆ, ರಿಜಿಸ್ಟ್ರಾರ್‌ಗೆ ಫೋನ್ ಮಾಡಿ, ಗ್ರಾಹಕ ಸಂಖ್ಯೆ ಕೈಯಲ್ಲಿರಲಿ. `Account Suspended` ಎಂದಿದ್ದರೆ ಹೋಸ್ಟಿಂಗ್ ಕಂಪನಿ. ಹಣ ಬಾಕಿ ಇರಬಹುದು, ಸೈಟಿಗೆ ಯಾರಾದರೂ ನುಗ್ಗಿರಲೂಬಹುದು, ಕಾರಣ ಕೇಳಿ. `Your connection is not private` ಎಂದರೆ ಮೊದಲು ಬೇರೆ ಫೋನಿನಲ್ಲಿ ನೋಡಿ, ಫೋನಿನ ತಾರೀಕು ತಪ್ಪಿದ್ದರೂ ಹೀಗೆ ಬರುತ್ತದೆ. ಎಲ್ಲ ಫೋನಿನಲ್ಲೂ ಬಂದರೆ ಸರ್ಟಿಫಿಕೇಟ್ ಮುಗಿದಿದೆ. ನಮ್ಮದು 90 ದಿನದ್ದು, ತಾನಾಗಿ ಹೊಸದಾಗಬೇಕಿತ್ತು, ಹೋಸ್ಟಿಂಗ್‌ನವರಿಗೆ ಹೇಳಿ. “ಪರವಾಗಿಲ್ಲ, ಮುಂದೆ ಹೋಗಿ” ಎಂದು ಗ್ರಾಹಕರಿಗೆ ಹೇಳಬೇಡಿ. ಸೈಟು ಸರಿ ಇದ್ದು ಹಣ ಮಾತ್ರ ಹೋಗದಿದ್ದರೆ ಗೇಟ್‌ವೇ. ನಿಮ್ಮ ಮರ್ಚೆಂಟ್ ಐಡಿ ಕೇಳುತ್ತಾರೆ. ಗೇಟ್‌ವೇ ಖಾತೆಯಲ್ಲಿ ನಮ್ಮದಲ್ಲದ ಬ್ಯಾಂಕ್ ಖಾತೆ ಕಂಡರೆ ಒಂದು ನಿಮಿಷವೂ ತಡ ಬೇಡ: ಗೇಟ್‌ವೇಗೆ ಹೇಳಿ ಹಣ ತಡೆಸಿ, ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ಯಾರೇ ಫೋನ್ ಮಾಡಿ ಕೇಳಿದರೂ ಒಟಿಪಿ ಹೇಳಬೇಡಿ, ನನ್ನ ಹೆಸರು ಹೇಳಿಕೊಂಡು ಕೇಳಿದರೂ.

‘ನಾನು ವಾರದ ದಿನ ಸಂಜೆ 7ರಿಂದ 9ರವರೆಗೆ ಸಿಗುತ್ತೇನೆ. ಮೊದಲ 30 ದಿನ ಕಂಡ ದೋಷಕ್ಕೆ ಹಣವಿಲ್ಲ, ಹೊಸ ಕೆಲಸಕ್ಕೆ ಮತ್ತು ಆಮೇಲಿನ ರಿಪೇರಿಗೆ ಗಂಟೆಯ ಲೆಕ್ಕ. ನಾನು ಸಿಗದಿದ್ದರೆ ಊರಲ್ಲೇ ಇರುವ ನನ್ನ ಗೆಳೆಯನ ನಂಬರ್ ಕೆಳಗಿದೆ, ಅವನಿಗೆ ಸೈಟು ತೋರಿಸಿದ್ದೇನೆ.’

1930 ಆನ್‌ಲೈನ್ ಹಣದ ವಂಚನೆಗೆ ಇರುವ ದೇಶವ್ಯಾಪಿ ಸಹಾಯವಾಣಿ, ದೂರು ದಾಖಲಿಸಲು cybercrime.gov.in ಇದೆ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯುವುದು ಅದರ ಉದ್ದೇಶ, ಹಾಗಾಗಿ ನಾಳೆ ಬೆಳಿಗ್ಗೆ ನೋಡೋಣ ಎನ್ನುವ ಮಾತಿಲ್ಲ. ಡೆವಲಪರ್‌ನ ಸಮಯದ ಸಾಲುಗಳು ಕೆಲವು ಯಜಮಾನರಿಗೆ ಒರಟು ಎನಿಸಬಹುದು. ನನಗೆ ಅವೇ ಚೀಟಿಯ ಪ್ರಾಮಾಣಿಕ ಸಾಲುಗಳು. ‘ಯಾವಾಗ ಬೇಕಾದರೂ ಫೋನ್ ಮಾಡಿ ಅಣ್ಣಾ’ ಎಂದವನು ಹೊಸ ನೌಕರಿಯ ಮೂರನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ, ಅದು ಅವನ ತಪ್ಪೂ ಅಲ್ಲ.

ಕಾನೂನಿನ ಒಂದು ಸಂಗತಿ. ಹಣ ಕೊಟ್ಟ ಮಾತ್ರಕ್ಕೆ ಅವನು ಅಂಗಡಿಗೆಂದೇ ಬರೆದ ಕೋಡು ತನ್ನಿಂತಾನೇ ಅಂಗಡಿಯದಾಗುವುದಿಲ್ಲ. ಅವನು ನಿಮ್ಮ ನೌಕರನಾಗಿರದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದೇ ಕಾಯ್ದೆ ಭಾವಿಸುತ್ತದೆ. ಆದ್ದರಿಂದ ‘ಪೂರ್ಣ ಅವಧಿಗೆ ಅಂಗಡಿಗೆ ವರ್ಗಾಯಿಸಿದ್ದೇನೆ’ ಎಂಬ ಸಾಲು ಮತ್ತು ಸಹಿ ಚೀಟಿಯಲ್ಲಿರಲಿ. ವರ್ಡ್‌ಪ್ರೆಸ್, ವೂಕಾಮರ್ಸ್‌ಗಳಿಗೆ ಇದು ಅನ್ವಯಿಸದು, ಅವು ಎಲ್ಲರೂ ಬಳಸಲು ಬಿಟ್ಟ ತಂತ್ರಾಂಶಗಳು.

ಚೀಟಿ ಬರೆದುಕೊಟ್ಟ ಮೇಲೆ ಅದು ಸರಿಯಿದೆಯೇ ಎಂದು ನೋಡುವ ರೀತಿ ಒಂದೇ. ಡೆವಲಪರ್ ಎದುರಿಗೆ ಕೂತಿರಲಿ, ಫೋನು ಮುಟ್ಟದಿರಲಿ. ಯಜಮಾನರು ಅಥವಾ ಮನೆಯಲ್ಲಿ ಇದನ್ನು ನೋಡಿಕೊಳ್ಳುವ ಮಗಳೋ ಸೊಸೆಯೋ ಚೀಟಿ ನೋಡಿಕೊಂಡು ಪ್ರತಿ ಖಾತೆಗೂ ತಾವೇ ಹೋಗಬೇಕು, ಪಾಸ್‌ವರ್ಡ್ ಬದಲಿಸಬೇಕು, ಒಂದು ಬ್ಯಾಕಪ್ ಇಳಿಸಬೇಕು. ಒಟಿಪಿಗಾಗಿ ಹುಡುಗನ ಕಡೆ ನೋಡಬೇಕಾಗಿ ಬಂದ ಖಾತೆ ಇನ್ನೂ ಅವನದೇ, ಅಂಗಡಿಯದಲ್ಲ. ಬಾಕಿ ಹಣ ಕೊಡುವುದು ಇದಾದ ಮೇಲೆ ಇರಲಿ.

ನಿಮ್ಮ ಅಂಗಡಿಗೆ ಈಗಾಗಲೇ ಸೈಟು ಇದ್ದು ಚೀಟಿ ಇಲ್ಲದಿದ್ದರೆ, lookup.icann.org ಪುಟದಲ್ಲಿ ನಿಮ್ಮ ‘ಡಾಟ್ ಕಾಮ್’ ಹೆಸರು ಹಾಕಿ ನೋಡಿ. ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವ ದಿನ ಯಾವುದು ಎಂದು ಅಲ್ಲಿರುತ್ತದೆ. ಮಾಲೀಕರ ಹೆಸರನ್ನು ಸಾಮಾನ್ಯವಾಗಿ ಮರೆಮಾಡಿರುತ್ತಾರೆ, ಅದಕ್ಕೆ ರಿಜಿಸ್ಟ್ರಾರ್ ಖಾತೆಯ ಒಳಗೇ ಹೋಗಬೇಕು. ಹೋಗಲು ಆಗದಿದ್ದರೆ, ಸೈಟು ಮಾಡಿಕೊಟ್ಟವರು ಇನ್ನೂ ಫೋನ್ ಎತ್ತುತ್ತಿರುವಾಗಲೇ ಕರೆ ಮಾಡಿ.